ಫಲಿತಾಂಶದ ಸ್ಲೈಡಿನಿಂದ ಯಾವ ಅಂಕಿಗಳನ್ನು ಕೈಬಿಡಬೇಕು?

ಪ್ರಶ್ನೆ: ಸರ್, ನಾನು ಕಲಬುರಗಿಯಲ್ಲಿ ಕೃಷಿ ಸ್ನಾತಕೋತ್ತರ ವಿದ್ಯಾರ್ಥಿ. ತೊಗರಿಯ ಕುಡಿ ಚಿವುಟುವ ಪ್ರಯೋಗ ಮುಗಿಸಿದ್ದೇನೆ. ಒಂದು ಸ್ಲೈಡಿನಲ್ಲಿ ಒಂದೇ ಫಲಿತಾಂಶ ಇರಲಿ ಎಂದು ಮಾರ್ಗದರ್ಶಕರು ಹೇಳುತ್ತಾರೆ. ಉಳಿದ ಅಂಕಿಗಳನ್ನು ತೆಗೆದುಹಾಕಿದರೆ ಮುಚ್ಚಿಟ್ಟಂತೆ ಆಗುವುದಿಲ್ಲವೇ?

ಉತ್ತರ: ಪ್ರಬಂಧ ಮಂಡನೆಯ ದಿನಗಳು ಹತ್ತಿರ ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಬಿಡಿಬಿಡಿಯಾಗಿ ಉತ್ತರಿಸಿ ಸಾಕಾಗಿದೆ, ಆದ್ದರಿಂದ ಈ ಸಲ ವಿವರವಾಗಿಯೇ ಬರೆಯುತ್ತೇನೆ.

ಅಂಕಿಗಳಿಗೆ ಕೈಹಾಕುವ ಮೊದಲು ಸ್ಲೈಡಿನ ಶೀರ್ಷಿಕೆಯನ್ನು ಒಂದು ಪೂರ್ಣ ವಾಕ್ಯವಾಗಿ ಬರೆಯಿರಿ. ‘ಕುಡಿ ಚಿವುಟುವಿಕೆಯ ಪರಿಣಾಮ’ ಎಂದರೆ ಅದು ವಾಕ್ಯವಲ್ಲ, ಅದರ ಕೆಳಗೆ ಏನನ್ನು ಹಾಕಿದರೂ ನಡೆಯುತ್ತದೆ. ‘ಇಷ್ಟು ದಿನಕ್ಕೆ ಕುಡಿ ಚಿವುಟಿದರೆ ಕಾಳಿನ ಇಳುವರಿ ಹೆಚ್ಚುತ್ತದೆ’ ಎಂದು ಬರೆದರೆ ಅದು ವಾಕ್ಯ. ಆಮೇಲೆ ಪ್ರತಿ ಅಂಕಿಯನ್ನೂ ಎತ್ತಿಕೊಂಡು ಒಂದೇ ಪ್ರಶ್ನೆ ಕೇಳಿ: ಈ ಅಂಕಿ ಪರದೆಯ ಮೇಲೆ ಇದ್ದರೆ, ನೋಡುವವರು ನನ್ನ ವಾಕ್ಯವನ್ನು ನಂಬುವುದು ಹೆಚ್ಚುಕಡಿಮೆ ಆಗುತ್ತದೆಯೇ? ಏನೂ ಆಗದಿದ್ದರೆ ಬಿಟ್ಟುಬಿಡಿ. ನಂಬಿಕೆ ಕಡಿಮೆಯಾಗುವಂತಿದ್ದರೆ ಆ ಅಂಕಿ ಅಲ್ಲೇ ಇರಬೇಕು, ತಿದ್ದಬೇಕಾದದ್ದು ನಿಮ್ಮ ವಾಕ್ಯವನ್ನು.

ನಿಮ್ಮ ಪ್ರಯೋಗದ ಮಾದರಿಯಲ್ಲೇ ಒಂದು ಲೆಕ್ಕ ನೋಡೋಣ. ಅಂಕಿಗಳು ವಿವರಣೆಗಾಗಿ ನಾನು ಊಹಿಸಿಕೊಂಡವು. ನಾಲ್ಕು ಉಪಚಾರಗಳು: ಚಿವುಟದೇ ಬಿಟ್ಟದ್ದು, ಬಿತ್ತಿದ 30, 45 ಮತ್ತು 60 ದಿನಗಳಿಗೆ ಚಿವುಟಿದ್ದು. ಪ್ರತಿಯೊಂದಕ್ಕೂ ಮೂರು ಪುನರಾವರ್ತನೆ, ಒಟ್ಟು 12 ತಾಕು. ಅಳೆದದ್ದು ಒಂಬತ್ತು ಗುಣ: ಗಿಡದ ಎತ್ತರ, ಕವಲುಗಳ ಸಂಖ್ಯೆ, ಅರ್ಧದಷ್ಟು ಗಿಡಗಳು ಹೂಬಿಡಲು ಹಿಡಿದ ದಿನ, ಗಿಡಕ್ಕೆ ಎಷ್ಟು ಕಾಯಿ, ಕಾಯಿಗೆ ಎಷ್ಟು ಕಾಳು, ನೂರು ಕಾಳಿನ ತೂಕ, ಕಾಳಿನ ಇಳುವರಿ, ಕಟ್ಟಿಗೆಯ ಇಳುವರಿ, ಲಾಭ-ವೆಚ್ಚದ ಅನುಪಾತ. ನಾಲ್ಕು ಸಾಲು, ಒಂಬತ್ತು ಕಾಲಂ, ಅಡಿಯಲ್ಲಿ ಎಸ್‌.ಇ.ಎಂ. ಮತ್ತು ಸಿ.ಡಿ. ಎಂಬ ಎರಡು ಸಾಲು. ಒಟ್ಟು 54 ಅಂಕಿಗಳು.

ಈಗ ಆ ಹಟಮಾರಿ ನಂಬಿಕೆಗೆ ಬರುತ್ತೇನೆ: 54 ಅಂಕಿಗಳನ್ನೂ ತೋರಿಸುವುದೇ ಪ್ರಾಮಾಣಿಕತೆ, ಕಡಿಮೆ ತೋರಿಸಿದರೆ ಪರೀಕ್ಷಕರು ಸಂಶಯಪಡುತ್ತಾರೆ ಎನ್ನುವುದು. ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ ಇದನ್ನೇ ಹೇಳಿಕೊಡುತ್ತಾರೆ, ಕಿರಿಯರು ಮುಂದಿನವರಿಗೆ ದಾಟಿಸುತ್ತಾರೆ. ಆ ಸ್ಲೈಡು ಪರದೆಯ ಮೇಲೆ ಇರುವುದು ಹೆಚ್ಚೆಂದರೆ ಎರಡು ನಿಮಿಷ. ಅಷ್ಟರಲ್ಲಿ 54 ಅಂಕಿಗಳನ್ನು ಓದಿ, ಹೋಲಿಸಿ, ನಿಮ್ಮ ಮಾತನ್ನೂ ಕೇಳುವವರು ಸಭಾಂಗಣದಲ್ಲಿ ಯಾರೂ ಇರುವುದಿಲ್ಲ. ಓದಲಾಗದ್ದನ್ನು ತೋರಿಸಿದರೆ ತೋರಿಸಿದಂತಾಗುವುದಿಲ್ಲ. ಸಂಪೂರ್ಣ ದಾಖಲೆ ಇರಬೇಕಾದದ್ದು ಪ್ರಬಂಧದ ಫಲಿತಾಂಶ ಅಧ್ಯಾಯದಲ್ಲಿ ಮತ್ತು ಅನುಬಂಧದಲ್ಲಿ. ಪರೀಕ್ಷಕರ ಕೈಯಲ್ಲಿ ಅದು ಇದ್ದೇ ಇರುತ್ತದೆ.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ತುಂಬಿದ ಕೋಷ್ಟಕವೇ ಮರೆಮಾಚಲು ಒಳ್ಳೆಯ ಜಾಗ. ಕಾಳಿನ ಇಳುವರಿ ಹೆಕ್ಟೇರಿಗೆ ಹೀಗೆ ಬಂದಿದೆ ಎನ್ನಿ: ಚಿವುಟದ್ದು 11.2 ಕ್ವಿಂಟಲ್, 30 ದಿನಕ್ಕೆ 12.1, 45 ದಿನಕ್ಕೆ 13.6, 60 ದಿನಕ್ಕೆ 13.1. ಸಿ.ಡಿ. 1.2. ಎಂದರೆ ಎರಡು ಸರಾಸರಿಗಳ ಅಂತರ 1.2 ಕ್ವಿಂಟಲನ್ನು ದಾಟಿದರೆ ಮಾತ್ರ ಅದನ್ನು ಉಪಚಾರದ ಪರಿಣಾಮ ಎಂದು ಹೇಳಲು ನಮಗೆ ಆಧಾರವಿದೆ. ವಿದ್ಯಾರ್ಥಿ ಪೂರ್ಣ ಕೋಷ್ಟಕ ಹಾಕಿ, 13.6ಕ್ಕೆ ಕೆಂಪು ಬಣ್ಣ ಬಳಿದು, ‘45 ದಿನವೇ ಅತ್ಯುತ್ತಮ’ ಎನ್ನುತ್ತಾನೆ. ಅಂಕಿಗಳೆಲ್ಲ ಪರದೆಯ ಮೇಲಿವೆ, ಒಂದನ್ನೂ ಮುಚ್ಚಿಟ್ಟಿಲ್ಲ, ಆದರೂ ಮಾತು ಸುಳ್ಳು. 45 ಮತ್ತು 60 ದಿನಗಳ ನಡುವಿನ ಅಂತರ ಕೇವಲ 0.5, ಅವೆರಡೂ ಸಮ. ಏಳನೆಯ ಕಾಲಮ್ಮಿನಲ್ಲಿ ಕೂತ ಆ 13.1 ಯಾರ ಕಣ್ಣಿಗೂ ಬೀಳುವುದಿಲ್ಲ.

ಅದೇ ನಾಲ್ಕು ಕಂಬಗಳ ಒಂದು ಚಿತ್ರ ಹಾಕಿ, ಪಕ್ಕದಲ್ಲಿ ಸಿ.ಡಿ. ಬರೆಯಿರಿ. 45 ಮತ್ತು 60ರ ಕಂಬಗಳು ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ನಿಲ್ಲುವುದು ಹಿಂದಿನ ಸಾಲಿನವರಿಗೂ ಕಾಣುತ್ತದೆ. 30 ದಿನದ ಕಂಬ ಚಿವುಟದ್ದಕ್ಕಿಂತ 0.9 ಮಾತ್ರ ಮೇಲಿರುವುದೂ ಕಾಣುತ್ತದೆ, ಅದೂ ಸಿ.ಡಿ. ದಾಟಿಲ್ಲ. ಆಗ ವಾಕ್ಯ ತಾನಾಗಿಯೇ ಬದಲಾಗುತ್ತದೆ: ‘45 ಅಥವಾ 60 ದಿನಕ್ಕೆ ಚಿವುಟಿದರೆ ಇಳುವರಿ ಹೆಚ್ಚುತ್ತದೆ, 30 ದಿನಕ್ಕೆ ಹೆಚ್ಚಿದೆ ಎಂದು ಹೇಳಲಾಗದು.’ 54ರಲ್ಲಿ ಐದು ಅಂಕಿಗಳು ಉಳಿದವು, ಮತ್ತು ಈ ಸ್ಲೈಡು ಮೊದಲಿನದಕ್ಕಿಂತ ಹೆಚ್ಚು ಪ್ರಾಮಾಣಿಕ. ಮುಚ್ಚಿಡುವುದು ಎಂದರೆ ಇಲ್ಲಿ 60 ದಿನದ ಕಂಬವನ್ನು ಅಳಿಸಿ 45ನ್ನು ಗೆಲ್ಲಿಸುವುದು. ಸಿ.ಡಿ. ತೆಗೆಯುವುದೂ ಅದೇ ತಪ್ಪು, ಏಕೆಂದರೆ 30 ದಿನದ ಕಂಬ ಆಗ ಇಲ್ಲದ ಗೆಲುವನ್ನು ತೋರಿಸುತ್ತದೆ.

ಉಳಿದ ಗುಣಗಳನ್ನು ಬೇಗ ಮುಗಿಸಬಹುದು. ಕುಡಿ ಹೋದರೆ ಪಕ್ಕದ ಕವಲುಗಳು ಒಡೆಯುತ್ತವೆ, ಕಾಯಿ ಹೆಚ್ಚುತ್ತದೆ. ಕವಲು ಮತ್ತು ಕಾಯಿಯ ಅಂಕಿಗಳು ಇಳುವರಿ ಏಕೆ ಹೆಚ್ಚಿತು ಎಂಬ ಬೇರೆ ವಾಕ್ಯಕ್ಕೆ ಸೇರಿದವು, ಅವಕ್ಕೆ ಮುಂದಿನ ಸ್ಲೈಡು ಕೊಡಿ. ನೂರು ಕಾಳಿನ ತೂಕ ಬದಲಾಗಿಲ್ಲದಿದ್ದರೆ ಅದೂ ಆ ಸ್ಲೈಡಿಗೇ ಹೋಗಲಿ. ಕಾಳು ದಪ್ಪವಾಗಿ ಇಳುವರಿ ಬಂದದ್ದಲ್ಲ ಎಂದು ಅದು ಹೇಳುತ್ತದೆ. ಎತ್ತರ, ಹೂಬಿಟ್ಟ ದಿನ, ಕಟ್ಟಿಗೆ ಇವು ಧನ್ಯವಾದದ ಸ್ಲೈಡಿನ ನಂತರ ಇರಲಿ, ಕೇಳಿದರೆ ತೆರೆದು ತೋರಿಸಿ. ಲಾಭ-ವೆಚ್ಚದ ಅನುಪಾತದ ಬಗ್ಗೆ ಮಾತ್ರ ಎಚ್ಚರ. ವಾಕ್ಯ ಇಳುವರಿಯ ಬಗ್ಗೆ ಇರುವವರೆಗೆ ಅದನ್ನು ಬಿಡಬಹುದು. ಬಾಯಲ್ಲಿ ‘ರೈತರಿಗೆ ಲಾಭ’ ಎಂಬ ಮಾತು ಬಂದ ಕೂಡಲೇ ಚಿವುಟುವ ಕೂಲಿ ಪರದೆಯ ಮೇಲೆ ಬರಲೇಬೇಕು. ಇಳುವರಿ ಹೆಚ್ಚಿಯೂ ಕೂಲಿಯಲ್ಲಿ ಅದು ಕರಗಿಹೋಗುವುದು ಸಾಧ್ಯ.

ಎರಡು ವರ್ಷದ ಪ್ರಯೋಗವಾಗಿದ್ದು, ಒಂದು ಮುಂಗಾರಿನಲ್ಲಿ ಮಾತ್ರ ಪರಿಣಾಮ ಕಂಡಿದ್ದರೆ, ಎರಡರ ಸರಾಸರಿ ಹಾಕಿ ತಪ್ಪಿಸಿಕೊಳ್ಳಬೇಡಿ. ಎರಡು ವರ್ಷಗಳನ್ನೂ ಅಕ್ಕಪಕ್ಕ ಇಡಿ.

ನೀವು ಕೇಳಿಲ್ಲ, ಆದರೆ ಇದರ ಬೆನ್ನಿಗೇ ಬರುವ ಇನ್ನೊಂದು ವಿಷಯವಿದೆ: ಸ್ಲೈಡಿನಿಂದ ಅಂಕಿ ತೆಗೆಯುವುದಲ್ಲ, ಲೆಕ್ಕದಿಂದಲೇ ತಾಕನ್ನು ತೆಗೆಯುವುದು. ನಮ್ಮ ಎರೆ ಭೂಮಿಯಲ್ಲಿ ಮಳೆ ಜೋರಾದರೆ ತಗ್ಗಿನ ಒಂದು ತಾಕಿನಲ್ಲಿ ನೀರು ಕಟ್ಟಿ ಗಿಡಗಳು ಸಾಯುತ್ತವೆ. ಕಾರಣ ಉಪಚಾರಕ್ಕೆ ಸಂಬಂಧಿಸದ್ದಾಗಿದ್ದರೆ, ಕಾಳು ತೂಗುವ ಮುಂಚೆಯೇ ಕ್ಷೇತ್ರ ಪುಸ್ತಕದಲ್ಲಿ ದಿನಾಂಕ ಸಹಿತ ಬರೆದಿದ್ದರೆ, ಆ ತಾಕನ್ನು ಬಿಡಬಹುದು. ತೂಕ ನೋಡಿದ ಮೇಲೆ ನೆನಪಾದ ಕಾರಣ ನಡೆಯುವುದಿಲ್ಲ. ಬಿಟ್ಟ ತಾಕಿನ ಜಾಗಕ್ಕೆ ಯೇಟ್ಸ್ 1933ರಲ್ಲಿ ತೋರಿಸಿದ ಸೂತ್ರ ಇದೆ:

```
X = (tT + rB − G) / ((t − 1)(r − 1))
```

ಇಲ್ಲಿ t ಉಪಚಾರಗಳ ಸಂಖ್ಯೆ, r ಪುನರಾವರ್ತನೆಗಳ ಸಂಖ್ಯೆ. T ಆ ಉಪಚಾರದ ಉಳಿದ ತಾಕುಗಳ ಮೊತ್ತ, B ಆ ಪುನರಾವರ್ತನೆಯ ಉಳಿದ ತಾಕುಗಳ ಮೊತ್ತ, G ಇರುವ ಎಲ್ಲ ತಾಕುಗಳ ಮೊತ್ತ. ಹೀಗೆ ತುಂಬಿದ ಬೆಲೆ ಹೊಸ ಮಾಹಿತಿಯಲ್ಲ. ಆದ್ದರಿಂದ ದೋಷದ ಸ್ವಾತಂತ್ರ್ಯಾಂಕ ಮೇಲಿನ 12 ತಾಕುಗಳ ಉದಾಹರಣೆಯಲ್ಲಿ 6ರಿಂದ 5ಕ್ಕೆ ಇಳಿಯುತ್ತದೆ.

ನೆಟೆ ರೋಗದಿಂದ ಸತ್ತ ತಾಕಿನ ವಿಷಯ ಇಷ್ಟು ಸುಲಭವಲ್ಲ. ಆ ಶಿಲೀಂಧ್ರ ಮಣ್ಣಿನಿಂದ ಬೇರಿನ ಮೂಲಕ ಹತ್ತುತ್ತದೆ, ಕುಡಿಗೂ ಅದಕ್ಕೂ ಸಂಬಂಧವಿಲ್ಲ ಎಂದು ನೀವು ವಾದಿಸಬಹುದು. ಆದರೂ ಅದೇ ಉಪಚಾರದ ಉಳಿದ ಎರಡು ತಾಕುಗಳಲ್ಲಿ ಸತ್ತ ಗಿಡಗಳನ್ನು ಎಣಿಸಿ, ಚಿವುಟದ ತಾಕುಗಳ ಜೊತೆ ಹೋಲಿಸಿ. ಅಲ್ಲಿಯೂ ಹೆಚ್ಚು ಸತ್ತಿದ್ದರೆ ಆ ತಾಕನ್ನು ಬಿಡುವಂತಿಲ್ಲ. ಬಿಟ್ಟಿದ್ದರೆ, ಇಳುವರಿಯ ಸ್ಲೈಡಿನ ಅಡಿಯಲ್ಲಿ ಯಾವ ತಾಕು, ಏಕೆ ಎಂದು ಒಂದು ಸಾಲು ಬರೆಯಿರಿ.