ಪತ್ರ ಅವ್ವನ ಹೆಸರಿಗೆ ಬಂದರೆ ರೊಕ್ಕ ಯಾರದು?

ಪಾಲಿಸಿದಾರ ತೀರಿಕೊಂಡ ಸುದ್ದಿ ತಿಳಿದ ಮೇಲೆ ನಮ್ಮ ಕ್ಲೇಮ್ ವಿಭಾಗದಿಂದ ಮನೆಗೆ ಒಂದು ಪತ್ರ ಹೋಗುತ್ತದೆ. ಮೊದಲ ಎರಡು ಸಾಲು ಸಂತಾಪ. ಆಮೇಲೆ ಕಾಗದಪತ್ರಗಳ ಪಟ್ಟಿ: ಮರಣ ಪ್ರಮಾಣಪತ್ರ, ಮೂಲ ಬಾಂಡ್, ಕ್ಲೇಮ್ ಫಾರ್ಮ್, ಗುರುತಿನ ಚೀಟಿ, ಪಾಸ್‌ಬುಕ್ ಝೆರಾಕ್ಸ್. ಅಪಘಾತವಾಗಿದ್ದರೆ ಎಫ್‌ಐಆರ್ ಮತ್ತು ಪೋಸ್ಟ್‌ಮಾರ್ಟಂ ವರದಿಯೂ ಬೇಕು. ಇದನ್ನೆಲ್ಲ ಜನ ಸರಿಯಾಗೇ ತರುತ್ತಾರೆ. ಜಗಳ ಹುಟ್ಟೋದು ಪತ್ರದ ಮೇಲಿರುವ ವಿಳಾಸದಿಂದ.

ಹಾವೇರಿ ಕಡೆಯ ಒಂದು ಮನೆ. ಹುಡುಗ ಮದುವೆಗೆ ಮುಂಚೆ 6 ಲಕ್ಷದ ಪಾಲಿಸಿ ಮಾಡಿಸಿದ್ದ, ನಾಮಿನಿ ಅವ್ವ. ಮದುವೆಯಾಯಿತು, ಮಗಳು ಹುಟ್ಟಿದಳು, ಕಂತು ಒಂದೂ ತಪ್ಪಲಿಲ್ಲ. ನಾಮಿನಿ ಹೆಸರು ಮಾತ್ರ ಹಾಗೇ ಉಳಿಯಿತು. ಬೈಕ್ ಅಪಘಾತದಲ್ಲಿ ಹುಡುಗ ಹೋದ, ಪತ್ರ ಅವ್ವನ ಹೆಸರಿಗೆ ಹೋಯಿತು. ಸ್ವಲ್ಪ ದಿನಕ್ಕೆ ಅತ್ತೆ, ಸೊಸೆ ಇಬ್ಬರೂ ಹುಬ್ಬಳ್ಳಿಯ ನಮ್ಮ ಕಚೇರಿಗೆ ಬಂದರು, ಬೇರೆ ಬೇರೆ ಬಸ್ಸಿನಲ್ಲಿ.

"ಸಾಹೇಬ್ರ, ಪತ್ರ ನನ್ನ ಹೆಸರಿಗೆ ಬಂದೈತಿ. ಅಂದಮ್ಯಾಲೆ ರೊಕ್ಕ ನಂದ ಅಲ್ಲೇನ್ರಿ?" ಅಂತ ಅತ್ತೆ. ಸೊಸೆಯ ಅಣ್ಣ ನಾಡಕಚೇರಿಯಿಂದ ತಂದ ವಂಶವೃಕ್ಷ ಪ್ರಮಾಣಪತ್ರವನ್ನು ಮೇಜಿನ ಮೇಲಿಟ್ಟು, "ಇದರಾಗ ಹೆಂಡ್ತಿ, ಮಗಳ ಹೆಸರು ಐತ್ರಿ. ಇನ್ನ ಅವರ ಖಾತೆಗೆ ಹಾಕ್ರಿ" ಎಂದ. ಇಬ್ಬರ ಮಾತಲ್ಲೂ ಅರ್ಧ ಮಾತ್ರ ಸರಿ. ಎಷ್ಟು ಸಲ ಹೇಳಿದರೂ ಜನರ ತಲೆಗೆ ಹೋಗದ ವಿಷಯ ಇದೇ. ಹಾಗಾಗಿ ಸ್ವಲ್ಪ ಉದ್ದವಾಗೇ ಹೇಳುತ್ತೇನೆ.

ಇಲ್ಲಿ ಎರಡು ಪ್ರಶ್ನೆ ಇವೆ. ಕಂಪನಿ ಯಾರಿಗೆ ಕೊಡಬೇಕು ಅನ್ನೋದು ಒಂದು. ಕೊಟ್ಟ ಹಣದಲ್ಲಿ ಯಾರಿಗೆ ಎಷ್ಟು ಪಾಲು ಅನ್ನೋದು ಇನ್ನೊಂದು.

ಮೊದಲನೆಯದು ಸುಲಭ. 1938ರ ವಿಮಾ ಕಾಯ್ದೆಯ 39ನೇ ಕಲಮಿನ ಪ್ರಕಾರ ನಾಮಿನಿಗೆ ಕೊಟ್ಟರೆ ನಮ್ಮ ಜವಾಬ್ದಾರಿ ಮುಗಿಯಿತು. ವಂಶವೃಕ್ಷ ನೋಡಿ ನಾವು ಪಾಲು ಹಂಚೋ ಹಾಗಿಲ್ಲ, ಆ ಅಧಿಕಾರ ನಮಗಿಲ್ಲ. ಸೊಸೆಗೆ ತಕರಾರಿದ್ದರೆ ಸುಮ್ನೆ ಬಿಳಿ ಹಾಳೆಯ ಅರ್ಜಿ ಕೊಟ್ಟು ಹೋದರೆ ಸಾಲದು. ಸಾಮಾನ್ಯವಾಗಿ ಕೋರ್ಟಿನ ತಡೆಯಾಜ್ಞೆಯೇ ಬೇಕಾಗುತ್ತದೆ, ಅದೂ ಹಣ ಖಾತೆಗೆ ಹೋಗೋ ಮೊದಲು. ಜಗಳ ಬಿಡಿಸಲಾಗದಷ್ಟು ಗಂಟಾದರೆ ಹಣವನ್ನು ಕೋರ್ಟಿಗೇ ಕಟ್ಟಲು 47ನೇ ಕಲಮಿನಲ್ಲಿ ಅವಕಾಶ ಇದೆ. ಆದರೆ ಅಲ್ಲಿಂದ ಬಿಡಿಸಿಕೊಳ್ಳೋಕೆ ವಕೀಲರ ಖರ್ಚು, ಓಡಾಟ ನಿಮ್ಮದೇ.

ಎರಡನೆಯದರಲ್ಲೇ ಗೊಂದಲ ಜಾಸ್ತಿ. ನಾಮಿನಿ ಅಂದರೆ ಹಣ ಇಸಿದುಕೊಳ್ಳುವ ಕೈ ಅಷ್ಟೇ, ಪಾಲು ವಾರಸುದಾರರದು ಎಂದು ಸುಪ್ರೀಂ ಕೋರ್ಟ್ 1983ರಲ್ಲೇ ಹೇಳಿತ್ತು. 2015ರ ತಿದ್ದುಪಡಿಯಲ್ಲಿ ತಂದೆ ತಾಯಿ, ಗಂಡ ಹೆಂಡತಿ ಅಥವಾ ಮಕ್ಕಳು ನಾಮಿನಿಯಾಗಿದ್ದರೆ ಹಣದ ಲಾಭವೂ ಅವರಿಗೇ ಎಂಬ ಮಾತು ಸೇರಿತು. ಆಗಿನಿಂದ "ಕಾಯ್ದೆ ಬದಲಾಗೈತಿ, ಎಲ್ಲಾ ನಾಮಿನಿದ" ಅಂತ ಏಜೆಂಟರೂ ಹೇಳತೊಡಗಿದರು. ಆದರೆ 2025ರಲ್ಲಿ ಕರ್ನಾಟಕ ಹೈಕೋರ್ಟಿನ ಮುಂದೆ ಇಂಥದ್ದೇ ಪ್ರಕರಣ ಬಂತು. ಮದುವೆಗೆ ಮುಂಚೆ ತಾಯಿಯನ್ನು ನಾಮಿನಿ ಮಾಡಿದ್ದ ಮಗ, ಆಮೇಲೆ ಬದಲಿಸಿರಲಿಲ್ಲ. ವಾರಸುದಾರರು ಪಾಲು ಕೇಳಿದರೆ ಈ ತಿದ್ದುಪಡಿ ಅವರ ಹಕ್ಕನ್ನು ಕಿತ್ತುಕೊಳ್ಳುವುದಿಲ್ಲ ಎಂದು ಕೋರ್ಟ್ ಹೇಳಿ, ತಾಯಿ, ಹೆಂಡತಿ, ಮಗುವಿಗೆ ಮೂರರಲ್ಲಿ ಒಂದೊಂದು ಪಾಲು ಕೊಟ್ಟಿತು. ಬೇರೆ ರಾಜ್ಯಗಳ ಕೋರ್ಟುಗಳೆಲ್ಲ ಹೀಗೇ ಹೇಳಿಲ್ಲ. ವಿಲ್ ಇದ್ದರೆ ಲೆಕ್ಕವೇ ಬೇರೆ. ನಾನು ವಕೀಲನೂ ಅಲ್ಲ, ನಿಮ್ಮ ಕಾಗದ ತೋರಿಸಿ ಒಂದು ಮಾತು ಕೇಳಿಕೊಳ್ಳಿ.

ನಮ್ಮ ಹಾವೇರಿ ಮನೆಗೆ ಇದನ್ನು ಹಚ್ಚಿದರೆ 6 ಲಕ್ಷದಲ್ಲಿ ಅವ್ವನಿಗೆ 2, ಹೆಂಡತಿಗೆ 2, ಮಗಳಿಗೆ 2. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಈ ಮೂವರೂ ಮೊದಲ ದರ್ಜೆಯ ವಾರಸುದಾರರು. ಮಾವ ಬದುಕಿದ್ದರೂ ಈ ಸಾಲಿಗೆ ಬರಲ್ಲ, ತಂದೆ ಎರಡನೇ ದರ್ಜೆ. ಇದನ್ನು ಕೇಳಿ ಮನೆಯ ಹಿರಿಯರು ಸಿಟ್ಟಾಗೋದನ್ನು ಬಹಳ ನೋಡಿದ್ದೇನೆ.

ಆ ದಿನ ಅತ್ತೆ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಮೊಮ್ಮಗಳನ್ನು ಎಳೆದು ತೊಡೆ ಮೇಲೆ ಕೂರಿಸಿಕೊಂಡು, "ಇಕಿ ಹೆಸರಿಲೆ ಬ್ಯಾಂಕಿನಾಗ ಇಡಾಕ ಬರತೈತೇನ್ರಿ?" ಎಂದರು. ಬರುತ್ತದೆ. ಕ್ಲೇಮ್ ಹಣ ನಾಮಿನಿಯ ಖಾತೆಗೇ ಬರಲಿ. ಅಲ್ಲಿಂದ ಸೊಸೆಯ ಖಾತೆಗೆ ಅವಳ ಪಾಲು, ಮಗುವಿನ ಹೆಸರಲ್ಲಿ ಠೇವಣಿ. ಕೊಟ್ಟಿದ್ದಕ್ಕೆ ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯ ದಾಖಲೆ ಇರಲಿ, ಮೂವರ ಪಾಲು ಬರೆದು ದೊಡ್ಡವರಿಬ್ಬರೂ ಸಹಿ ಮಾಡಿದ ಒಂದು ಹಾಳೆ ಇರಲಿ. ಅವರಿಗೆ ಕೋರ್ಟು ಬೇಕಾಗಲಿಲ್ಲ.

ಬದುಕಿದ್ದವರಿಗೆ ಇನ್ನೊಂದು ಮಾತು. ಮದುವೆಯಾದ ಮಾತ್ರಕ್ಕೆ ನಾಮಿನಿ ತಾನಾಗೇ ಬದಲಾಗಲ್ಲ. ಬಾಂಡಿನ ಮೊದಲ ಪುಟಗಳಲ್ಲಿರುವ ಶೆಡ್ಯೂಲಿನಲ್ಲಿ ಹೆಸರು ನೋಡಿ. ಹಳೆಯದಾಗಿದ್ದರೆ ನಾಮಿನಿ ಬದಲಾವಣೆಯ ಫಾರ್ಮ್ ತುಂಬಿ ಶಾಖೆಗೆ ಕೊಡಿ. ಮಗುವಿನ ಹೆಸರು ಹಾಕಿದರೆ, ಅದು ದೊಡ್ಡದಾಗೋವರೆಗೆ ಹಣ ಪಡೆಯುವ ಅಪಾಯಿಂಟಿಯ ಹೆಸರನ್ನೂ ಬರೆಯಿರಿ. ಏಜೆಂಟರ ಕೈಗೆ ಕೊಟ್ಟು ಮರೆಯಬೇಡಿ. ಬದಲಾವಣೆ ದಾಖಲಾಗಿದೆ ಎಂದು ಕಂಪನಿ ಬರೆದು ಕೊಡುತ್ತದೆ, ಅದನ್ನು ಬಾಂಡಿಗೆ ಪಿನ್ ಮಾಡಿ ಇಡಿ.