ಪ್ರಶ್ನೆಯಲ್ಲಿ ಒಂದು ಸಾಲು ಬಿಟ್ಟುಹೋಗಿದ್ದರೆ: ಇಳಿಜಾರಿನ ಲೆಕ್ಕ

ಭಾನುವಾರ ಮಾಟುಂಗಾದಲ್ಲಿ ಜೊತೆಗೆ ಕೂತು ಓದುವ ನಮ್ಮ ಗುಂಪಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮೊನ್ನೆ 11ನೇ ತರಗತಿಯ ಭೌತಶಾಸ್ತ್ರ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಹೀಗಿತ್ತು: "10 ಮೀಟರ್ ಉದ್ದದ, 30° ಇಳಿಜಾರಿನ ತುದಿಯಿಂದ ಒಂದು ಮರದ ತುಂಡು ನಿಶ್ಚಲ ಸ್ಥಿತಿಯಿಂದ ಜಾರುತ್ತದೆ." ಆಮೇಲಿನ ಸಾಲು ಅಚ್ಚಾಗಿರಲಿಲ್ಲ. ನೇರವಾಗಿ "ಕೆಳಗೆ ತಲುಪಿದಾಗ ಅದರ ವೇಗ ಎಷ್ಟು?" ಎಂದಿತ್ತು.

ನಾನು ಬಿಟ್ಟುಹೋಗಿದ್ದು ದ್ರವ್ಯರಾಶಿ ಅಂದುಕೊಂಡೆ. ಹತ್ತು ನಿಮಿಷ ಅದನ್ನೇ ಹುಡುಕಿದೆ. ತಪ್ಪಿದ್ದು ಇಲ್ಲೇ. ಇಲ್ಲದ ಸಂಖ್ಯೆಗೆ ಒಂದು ಅಕ್ಷರ ಇಟ್ಟು ಲೆಕ್ಕ ಮುಂದುವರಿಸಬೇಕಿತ್ತು:

```
m g L sinθ = ½ m v²
v² = 2 g L sinθ
```

ಎರಡೂ ಕಡೆಯ m ಹೊಡೆದುಹೋಯಿತು. ಅಂದರೆ ಅದು ಬೇಕಾಗಿಯೇ ಇರಲಿಲ್ಲ.

ಬರೆಯುವ ಮೊದಲೇ ಇದನ್ನು ಏಕಮಾನ ನೋಡಿ ಹೇಳಬಹುದು. ನನಗೆ ಈಗ ಇದೇ ಜಾಸ್ತಿ ಇಷ್ಟ. ಉತ್ತರ ಬರಬೇಕಾದ್ದು m/s ನಲ್ಲಿ. g, L, m ಮೂರರಲ್ಲಿ ಕಿಲೋಗ್ರಾಂ ಇರುವುದು m ನಲ್ಲಿ ಮಾತ್ರ. ಅದನ್ನು ಹೊಡೆದುಹಾಕಲು ಇನ್ನೊಂದು ಕಿಲೋಗ್ರಾಂ ಇಲ್ಲ, ಹಾಗಾಗಿ m ಉತ್ತರದಲ್ಲಿ ಉಳಿಯಲಾರದು. ಆದರೆ ಲೆಕ್ಕದಲ್ಲಿ ಸ್ಪ್ರಿಂಗ್ ಇದ್ದರೆ ಈ ಉಪಾಯ ನಡೆಯುವುದಿಲ್ಲ. ಸ್ಪ್ರಿಂಗ್‌ನ k ಒಳಗೂ ಕಿಲೋಗ್ರಾಂ ಇದೆ, ಅಲ್ವಾ?

ಹಾಗಾದರೆ ಬಿಟ್ಟುಹೋದ ಸಾಲು ಯಾವುದು? ಘರ್ಷಣೆಯದು. ಘರ್ಷಣಾಂಕ μ ಗೆ ಏಕಮಾನವೇ ಇಲ್ಲ. ಹಾಗಾಗಿ ಏಕಮಾನದ ಪರೀಕ್ಷೆಗೆ ಅದು ಸಿಕ್ಕುವುದೂ ಇಲ್ಲ. ಅಕ್ಷರ ಇಟ್ಟು ನೋಡಿದರೆ ಮಾತ್ರ ಗೊತ್ತಾಗುತ್ತದೆ:

```
v² = 2 g L (sinθ − μ cosθ)
```

ಇಲ್ಲಿ μ ಉಳಿದುಕೊಂಡಿದೆ. g = 9.8 ಹಾಕಿದರೆ, μ = 0 ಆದಾಗ ವೇಗ ಸುಮಾರು 9.9 m/s. μ = 0.2 ಆದಾಗ ಸುಮಾರು 8 m/s. ಉತ್ತರ ಇಷ್ಟು ಬದಲಾಗುವಾಗ ಸುಮ್ನೆ ಒಂದನ್ನು ಬರೆದು ಬಿಡಬಾರದು. "ಘರ್ಷಣೆಯ ವಿವರ ಪ್ರಶ್ನೆಯಲ್ಲಿ ಇಲ್ಲ. ಘರ್ಷಣೆ ಇಲ್ಲ ಎಂದು ಇಟ್ಟುಕೊಂಡಿದ್ದೇನೆ" ಎಂದು ಮೊದಲ ಸಾಲಲ್ಲೇ ಬರೆಯಿರಿ. μ ಇರುವ ಸೂತ್ರವನ್ನೂ ಬರೆದು, ಆಮೇಲೆ 9.9 ಕ್ಕೆ ಬನ್ನಿ.

ಇದಕ್ಕೂ ಮೊದಲು ಕೈ ಎತ್ತಿ ಮೇಲ್ವಿಚಾರಕರಿಗೆ ತೋರಿಸಿ. ಪಕ್ಕದವರ ಪತ್ರಿಕೆಯಲ್ಲಿ ಆ ಸಾಲು ಇದ್ದರೆ ನಿಮ್ಮ ಪ್ರತಿ ಮಾತ್ರ ಕೆಟ್ಟಿದೆ, ಬದಲಿಸಿ ಕೊಡುತ್ತಾರೆ. ಎಲ್ಲರದ್ದೂ ಹಾಗೇ ಇದ್ದರೆ, ಆ ಸಾಲನ್ನು ಶಿಕ್ಷಕರು ಎಲ್ಲ ಕೋಣೆಗಳಿಗೂ ಹೇಳಬೇಕು. ಒಂದೇ ಕೋಣೆಗೆ ಹೇಳಿದರೆ ಉಳಿದವರಿಗೆ ಅನ್ಯಾಯ. ಹೇಳಲು ಆಗದೇ ಹೋದರೆ, ಅಂಕ ಕೊಡುವಾಗ ಊಹೆಯನ್ನು ಬರೆದು ಸರಿಯಾಗಿ ಬಿಡಿಸಿದ ಎರಡೂ ದಾರಿಗಳನ್ನು ಒಪ್ಪಬೇಕು.

ಪ್ರಶ್ನೆಯನ್ನು ಖಾಲಿ ಮಾತ್ರ ಬಿಡಬೇಡಿ. 2023ರ ಮಹಾರಾಷ್ಟ್ರ 12ನೇ ತರಗತಿ ಇಂಗ್ಲಿಷ್ ಪತ್ರಿಕೆಯ ಪದ್ಯಭಾಗದಲ್ಲಿ 6 ಅಂಕದ ಪ್ರಶ್ನೆಗಳು ತಪ್ಪಾಗಿ ಅಚ್ಚಾಗಿದ್ದವು. ಆಮೇಲೆ ಮಂಡಳಿ ಅಂಕ ಕೊಟ್ಟಾಗ, ಉತ್ತರಪತ್ರಿಕೆಯಲ್ಲಿ ಆ ಪ್ರಶ್ನೆಗಳ ಸಂಖ್ಯೆಯನ್ನಷ್ಟೇ ಬರೆದವರನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು.