ವೇಲಿಂಗ್ ಗ್ಲೇರ್: ಮಂಜಿಲ್ಲದೆ ಮಂಜು ಕವಿದ ಫೋಟೊ

ಡಿಸೆಂಬರ್‌ನಲ್ಲಿ ತೀರ್ಥಹಳ್ಳಿ ಕಡೆಯ ಒಂದು ತೋಟದಲ್ಲಿ ಅಡಿಕೆ ಕೊಯ್ಲು ನಡೆದಿತ್ತು. ಫೋಟೊ ತೆಗೆಯಲು ಹೋಗಿದ್ದೆ. ಕೊನೆಗಾರ ಮರದ ತುದಿಯಲ್ಲಿದ್ದ, ನಾನು ಬುಡದಲ್ಲಿ ನಿಂತು ಕ್ಯಾಮೆರಾ ಮೇಲಕ್ಕೆತ್ತಿದ್ದೆ. ಬೆಳಿಗ್ಗೆ ಹತ್ತೂವರೆ ಗಂಟೆ, ಮಂಜೆಲ್ಲ ಕರಗಿ ಹೋಗಿತ್ತು. ಮನೆಗೆ ಬಂದು ನೋಡಿದರೆ ಫೋಟೊದಲ್ಲಿ ಮಾತ್ರ ಮಂಜು! ಕಣ್ಣಿಗೆ ಕಪ್ಪಗೆ ಕಂಡಿದ್ದ ಮರಗಳೆಲ್ಲ ಬೂದಿ ಬಳಿದ ಹಾಗಿದ್ದವು. ಕೊನೆಗಾರನ ಮುಖ ಹಾಲು ನೀರಿನಲ್ಲಿ ಅದ್ದಿದಂತೆ ಮಸುಕಾಗಿತ್ತು.

ಇದಕ್ಕೆ ವೇಲಿಂಗ್ ಗ್ಲೇರ್ ಅನ್ನುತ್ತಾರೆ. ವೇಲ್ ಅಂದರೆ ಮುಸುಕು. ಹಾಗಾಗಿ ಮುಸುಕು ಬೆಳಕು ಅಂತ ಕರೆದರೆ ಅರ್ಥ ಸರಿಯಾಗಿ ಕೂರುತ್ತದೆ. ಲೆನ್ಸ್ ಒಳಗೆ ಹಲವು ಗಾಜುಗಳಿರುತ್ತವೆ. ಬೆಳಕು ಒಂದೊಂದು ಗಾಜಿನ ಮೈಗೆ ತಾಗಿದಾಗಲೂ ಸ್ವಲ್ಪ ಹಿಂದಕ್ಕೆ ಚಿಮ್ಮುತ್ತದೆ. ಕೋಟಿಂಗ್ ಇಲ್ಲದ ಗಾಜಾದರೆ ಒಂದು ಮೈಗೆ ಸುಮಾರು 4 ಶೇಕಡಾ. ಒಳ್ಳೆಯ ಕೋಟಿಂಗ್ ಇದ್ದರೆ ಅರ್ಧ ಶೇಕಡಾಕ್ಕಿಂತ ಕಡಿಮೆ. ಹೀಗೆ ಚಿಮ್ಮಿದ ಬೆಳಕು ಒಳಗೇ ಅಲೆದಾಡಿ ಕೊನೆಗೆ ಸೆನ್ಸರ್ ಮೇಲೆ ಹರಡಿಕೊಳ್ಳುತ್ತದೆ. ಅದಕ್ಕೆ ಒಂದು ಆಕಾರ ಬಂದರೆ, ಸೂರ್ಯನಿಂದ ಸಾಲಾಗಿ ಹೊರಟ ಬಣ್ಣದ ಬಿಲ್ಲೆಗಳ ಹಾಗೆ ಕಂಡರೆ, ಅದು ಗೋಸ್ಟ್. ಆಕಾರವಿಲ್ಲದೆ ಎಲ್ಲ ಕಡೆ ಹರಡಿದರೆ ವೇಲಿಂಗ್ ಗ್ಲೇರ್. ಎರಡನ್ನೂ ಸೇರಿಸಿ ಫ್ಲೇರ್ ಅನ್ನುತ್ತೇವೆ.

ಇದರಿಂದ ಕಪ್ಪೇ ಯಾಕೆ ಹಾಳಾಗುತ್ತದೆ? ಒಂದು ಸಣ್ಣ ಲೆಕ್ಕ ಮಾಡೋಣ. ಆಕಾಶದ ಬೆಳಕು 1000, ಮರದ ನೆರಳಿನ ಭಾಗ 1 ಅಂದುಕೊಳ್ಳಿ. ಎರಡಕ್ಕೂ ಸಾವಿರ ಪಟ್ಟು ವ್ಯತ್ಯಾಸ. ಈಗ ಆಕಾಶದ ಬೆಳಕಿನಲ್ಲಿ ನೂರಕ್ಕೆ ಒಂದು ಪಾಲು, ಅಂದರೆ 10, ಇಡೀ ಚಿತ್ರದ ಮೇಲೆ ಹರಡಿತು. ಆಕಾಶ 1010 ಆಯಿತು, ಅದು ಗೊತ್ತೇ ಆಗುವುದಿಲ್ಲ. ಆದರೆ ನೆರಳು 1 ಇದ್ದದ್ದು 11 ಆಯಿತು! ಸಾವಿರ ಪಟ್ಟಿದ್ದ ವ್ಯತ್ಯಾಸ ಬರೀ 92 ಪಟ್ಟಿಗೆ ಇಳಿಯಿತು. ಅಡಿಕೆ ತೋಟದಲ್ಲಿ ಮೇಲೆ ನೋಡಿ ತೆಗೆಯುವಾಗ ಚಿತ್ರದ ಅರ್ಧ ಭಾಗ ಬಿಳಿ ಆಕಾಶವೇ ಇರುತ್ತದೆ. ಆದ್ದರಿಂದ ಅಲ್ಲಿ ಈ ತೊಂದರೆ ಜಾಸ್ತಿ.

ಮಲೆನಾಡಿನವರಿಗೆ ಇನ್ನೊಂದು ಪೇಚು ಇದೆ. ನಮ್ಮಲ್ಲಿ ನಿಜವಾದ ಮಂಜೂ ಬೇಕಾದಷ್ಟಿದೆ. ಫೋಟೊ ಮಸುಕಾದರೆ "ಮಂಜಿತ್ತು" ಅಂತ ಸುಮ್ಮನಾಗಿಬಿಡುತ್ತೇವೆ. ಎರಡನ್ನೂ ಬೇರೆ ಮಾಡಿ ಗುರುತಿಸಬಹುದು. ಮಂಜು ದೂರ ಹೋದಷ್ಟೂ ದಟ್ಟವಾಗುತ್ತದೆ. ಹತ್ತಿರದ ಮರ ಕಪ್ಪಗೆ, ಹತ್ತು ಸಾಲಿನಾಚೆಯ ಮರ ಬೆಳ್ಳಗೆ ಕಾಣುತ್ತದೆ. ಮುಸುಕು ಬೆಳಕಿಗೆ ದೂರ ಹತ್ತಿರ ಇಲ್ಲ, ಎದುರಿಗಿರುವ ಮರದ ಕಪ್ಪನ್ನೂ ಅದು ಬಿಡುವುದಿಲ್ಲ. ತೋಟದಲ್ಲೇ ನೋಡಬೇಕೆಂದರೆ ಇನ್ನೂ ಸುಲಭ. ಸ್ಕ್ರೀನ್ ನೋಡುತ್ತಾ ಲೆನ್ಸ್ ಮೇಲೆ ಅಂಗೈಯ ನೆರಳು ಬೀಳಿಸಿ, ಕೈ ಮಾತ್ರ ಚಿತ್ರದೊಳಗೆ ಬರಬಾರದು. ತಕ್ಷಣ ಕಪ್ಪು ಮರಳಿ ಬಂದರೆ ಅದು ಮಂಜಲ್ಲ. ಬಿಸಿಲಿಗೆ ದೂರದ ಗುಡ್ಡ ನೋಡುವಾಗ ಹಣೆ ಮೇಲೆ ಕೈ ಅಡ್ಡ ಇಡುತ್ತೇವೆ ಅಲ್ವಾ, ಅದೇ ಕೆಲಸ ಇದು.

ಲೆನ್ಸ್ ಹುಡ್ ಮಾಡುವುದೂ ಅದನ್ನೇ. ಚಿತ್ರಕ್ಕೆ ಬೇಡದ, ಪಕ್ಕದಿಂದ ನುಗ್ಗುವ ಬೆಳಕನ್ನು ಅದು ತಡೆಯುತ್ತದೆ. ಅದನ್ನು ಲೆನ್ಸ್ ಮೇಲೆ ಹಿಂದುಮುಂದಾಗಿ ಸಿಕ್ಕಿಸಿಕೊಂಡು ಓಡಾಡುವವರನ್ನು ತುಂಬಾ ನೋಡುತ್ತೇನೆ. ಹಾಗಿದ್ದರೆ ಅದು ಚೀಲದಲ್ಲಿದ್ದಂತೆಯೇ ಲೆಕ್ಕ. ದಳಗಳ ಆಕಾರದ ಹುಡ್ ಆದರೆ ಕ್ಲಿಕ್ ಅನ್ನುವವರೆಗೆ ತಿರುಗಿಸಬೇಕು, ಅರ್ಧಕ್ಕೆ ನಿಂತರೆ ಮೂಲೆಗಳು ಕಪ್ಪಾಗುತ್ತವೆ. ಇದಕ್ಕೊಂದು ಮಿತಿಯೂ ಇದೆ. 18–55 ಜೂಮ್ ಲೆನ್ಸಿನ ಹುಡ್ಡನ್ನು 18ರ ಅಗಲದ ನೋಟಕ್ಕೆ ಅಡ್ಡ ಬರದಂತೆ ಮಾಡಿರುತ್ತಾರೆ. 55ಕ್ಕೆ ಜೂಮ್ ಮಾಡಿದಾಗ ಆ ಉದ್ದ ಸಾಲದು, ಆಗ ಮತ್ತೆ ಕೈಯೇ ಬೇಕು. ಸೂರ್ಯ ಚಿತ್ರದೊಳಗೇ ಇದ್ದರಂತೂ ಹುಡ್‌ನಿಂದ ಏನೂ ಆಗುವುದಿಲ್ಲ. ಅರ್ಧ ಹೆಜ್ಜೆ ಸರಿದು, ಒಂದು ಅಡಿಕೆ ಮರದ ನೆರಳು ಲೆನ್ಸಿನ ಮೇಲೆ ಬೀಳುವಂತೆ ನಿಲ್ಲಿ. ಲೆನ್ಸಿನ ಗಾಜು ಮುಚ್ಚಲು ಆ ನೆರಳಿನ ಅಗಲ ಸಾಕು.

ಇನ್ನು ಫಿಲ್ಟರ್. ಲೆನ್ಸ್ ಕಾಯಲಿ ಅಂತ ಹಾಕುವ ಯುವಿ ಫಿಲ್ಟರ್ ಒಂದು ಚಪ್ಪಟೆ ಗಾಜು, ಎಲ್ಲಕ್ಕಿಂತ ಮುಂದೆ ನಿಲ್ಲುತ್ತದೆ. ಕೋಟಿಂಗ್ ಇಲ್ಲದ ಅಗ್ಗದ ಫಿಲ್ಟರ್ ಆದರೆ ಎರಡು ಮೈ ಸೇರಿ ಸುಮಾರು 8 ಶೇಕಡಾ ಬೆಳಕು ಚಿಮ್ಮುತ್ತದೆ. ಅದರ ಮೇಲೆ ಬೆರಳಿನ ಎಣ್ಣೆ ಪಸೆ ಇದ್ದರೆ ಒಂದೊಂದು ಗೆರೆಯೂ ಬೆಳಕು ಚೆದುರಿಸುತ್ತದೆ. ನೆರಳಿನಲ್ಲಿ ಈ ಪಸೆ ಕಾಣುವುದೇ ಇಲ್ಲ. ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ, ಎಲ್ಲ ಎದ್ದು ಕಾಣುತ್ತದೆ. ಮಳೆಗಾಲದಲ್ಲಿ ತೋಟಕ್ಕೆ ಔಷಧಿ ಹೊಡೆಯುವಾಗ ಹತ್ತಿರವಿದ್ದರೆ ಬೋರ್ಡೋ ದ್ರಾವಣದ ಹನಿಯೂ ಕೂತು ಒಣಗುತ್ತದೆ. ಅದರಲ್ಲಿ ಸುಣ್ಣವಿದೆ, ಪಂಚೆ ತುದಿಯಿಂದ ಒಣ ಒಣ ಉಜ್ಜಿದರೆ ಗೀರು ಬೀಳುತ್ತದೆ. ಮೊದಲು ಬ್ಲೋವರ್‌ನಿಂದ ಧೂಳು ಊದಿ. ಆಮೇಲೆ ಲೆನ್ಸ್ ಕ್ಲೀನರನ್ನು ಬಟ್ಟೆಗೆ ಹಾಕಿ, ನಡುವಿನಿಂದ ಅಂಚಿನ ಕಡೆಗೆ ಸುತ್ತುತ್ತಾ ಹಗುರವಾಗಿ ಒರೆಸಿ. ಒರೆಸಿದರೂ ಹೋಗದ ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಲೆನ್ಸಿನೊಳಗಿನ ಬೂಷ್ಟು. ನಮ್ಮ ಮಳೆಗಾಲದಲ್ಲಿ ಅದು ಬರುವುದು ಹೆಚ್ಚು. ಅದನ್ನು ರಿಪೇರಿಯವರೇ ಬಿಚ್ಚಿ ತೆಗೆಯಬೇಕು.

ಮರುದಿನ ಅದೇ ಹೊತ್ತಿಗೆ, ಅದೇ ತೋಟಕ್ಕೆ ಮತ್ತೆ ಹೋದೆ. ಸೂರ್ಯ ಎಡಗಡೆ ಮೇಲೆ, ಚಿತ್ರದಿಂದ ಸ್ವಲ್ಪವೇ ಹೊರಗಿದ್ದ. ಹಿಂದಿನ ದಿನದಂತೆ ಹುಡ್ ಇಲ್ಲದೆ, ಒರೆಸದ ಫಿಲ್ಟರ್ ಹಾಕಿಯೇ ಒಂದು ಫೋಟೊ ತೆಗೆದೆ. ಮರದ ಅತಿ ಕಪ್ಪು ಭಾಗ 0ಯಿಂದ 255ರ ಅಳತೆಯಲ್ಲಿ 62 ಬಂತು. ಹುಡ್ ಹಾಕಿದಾಗ 41. ಫಿಲ್ಟರ್ ಬಿಚ್ಚಿ, ಮೇಲಿಂದ ಅಂಗೈ ಅಡ್ಡ ಹಿಡಿದಾಗ 22. ಎಕ್ಸ್‌ಪೋಷರ್ ಮೂರಕ್ಕೂ ಒಂದೇ ಇತ್ತು. ಉಳಿದ 22ರಲ್ಲಿ ಒಂದಿಷ್ಟು ಚಿತ್ರದೊಳಗಿನ ಆಕಾಶದಿಂದಲೇ ಬಂದದ್ದು, ಅದನ್ನು ತಡೆಯಲು ಆಗುವುದಿಲ್ಲ.

ಹಾಗಾದರೆ ಮೊದಲ ದಿನದ ಫೋಟೊ? ಅದರಲ್ಲಿ ಕೊನೆಗಾರ ಒಂದು ಮರದಿಂದ ಇನ್ನೊಂದಕ್ಕೆ ವಾಲಿದ ಗಳಿಗೆ ಇತ್ತು, ಬಿಡಲು ಮನಸ್ಸಾಗಲಿಲ್ಲ. ಪುಣ್ಯಕ್ಕೆ ರಾ ಫೈಲ್ ಇತ್ತು. ಹಿಸ್ಟೋಗ್ರಾಮ್‌ನ ಎಡ ತುದಿ ಖಾಲಿ ಬಿದ್ದಿತ್ತು, ಅಂದರೆ ಚಿತ್ರದಲ್ಲಿ ನಿಜವಾದ ಕಪ್ಪು ಎಲ್ಲೂ ಇರಲಿಲ್ಲ. ಮೊದಲು ಎಡಿಟಿಂಗ್ ಆ್ಯಪ್‌ನಲ್ಲಿ Blacks ಸ್ಲೈಡರ್ ಎಳೆದು ಆ ಜಾಗ ತುಂಬಿಸಿದೆ. ಎಡಗಡೆ ಸರಿಹೋಯಿತು, ಆದರೆ ಬಲಗಡೆ ಕಾಡಿಗೆಯಂತಾಯಿತು. ಮುಸುಕು ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ, ಸೂರ್ಯನ ಕಡೆ ದಪ್ಪ. ಅದಕ್ಕೇ ಎಲ್ಲ ವಾಪಸ್ ತೆಗೆದು, ಎಡ ಮೂಲೆಯಿಂದ ನಡುವಿನವರೆಗೆ ಒಂದು Linear Gradient ಎಳೆದೆ. ಅದರೊಳಗೆ ಮಾತ್ರ ಮಸುಕು ತೆಗೆಯುವ Dehaze 25 ಕೊಟ್ಟೆ. ಆಕಾಶದ ನೀಲಿ ನೆರಳಿಗೂ ಹತ್ತಿತ್ತು, ಅಲ್ಲೇ ಬಣ್ಣವನ್ನು ಸ್ವಲ್ಪ ಬೆಚ್ಚಗೆ ಮಾಡಿದೆ. ಕೊನೆಗೆ ಇಡೀ ಚಿತ್ರಕ್ಕೆ Blacks ಒಂದಿಷ್ಟೇ.

ಮರಗಳು ಮತ್ತೆ ಕಪ್ಪಾದವು. ಆದರೆ ಕೊನೆಗಾರನ ಮುಖ ದೊಡ್ಡದು ಮಾಡಿ ನೋಡಿದರೆ ರವೆ ರವೆ. ಹರಡಿದ ಬೆಳಕನ್ನು ಲೆಕ್ಕದಲ್ಲಿ ಕಳೆಯಬಹುದು, ಅದು ತಂದ ಏರಿಳಿತವನ್ನು ಕಳೆಯಲು ಆಗದು. ಅದು ನೆರಳಿನಲ್ಲಿ ನಾಯ್ಸ್ ಆಗಿ ಉಳಿಯುತ್ತದೆ. ಜೆಪೆಗ್ ಆಗಿದ್ದರೆ ಆಕಾಶದಲ್ಲಿ ಪಟ್ಟೆಗಳೂ ಏಳುತ್ತಿದ್ದವು. ಎರಡನೇ ದಿನದ ಫೋಟೊಕ್ಕೆ Dehaze ಬೇಕಾಗಲೇ ಇಲ್ಲ, ಅದರಲ್ಲಿ ಕೊನೆಗಾರನ ಸೊಂಟದ ಹಗ್ಗದ ಹುರಿ ಕೂಡ ಎಣಿಸಬಹುದು.